ಆ ಪದ ನನ್ನ ಕೆ-ಮ್ಯಾಪ್‌ನಲ್ಲೇ ಇಲ್ಲ, ಆದರೂ ಎರಡು ಔಟ್‌ಪುಟ್‌ಗೂ ಅದನ್ನೇ ಹಂಚಿಕೊಳ್ಳಬೇಕಂತೆ. ಹೇಗೆ?

ತುಂಗಾದಡ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಮೂರನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಡಿಜಿಟಲ್ ಲ್ಯಾಬ್‌ನ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಮೂರು ಇನ್‌ಪುಟ್ a, b, c. ಎರಡು ಔಟ್‌ಪುಟ್. f1 ಎಂಬುದು 1, 3, 7ನೆಯ ಮಿನ್‌ಟರ್ಮ್‌ಗಳಲ್ಲಿ ಒಂದು. f2 ಎಂಬುದು 2, 6, 7ರಲ್ಲಿ ಒಂದು. ಎರಡಕ್ಕೂ ಬೇರೆ ಬೇರೆ ಕೆ-ಮ್ಯಾಪ್ ಬರೆದು ಇಷ್ಟು ತಂದೆ:

```
f1 = a'c + bc
f2 = bc' + ab
```

ನಾಲ್ಕು ಆಂಡ್, ಎರಡು ಆರ್, ಒಟ್ಟು ಆರು ಗೇಟು. ಇನ್ವರ್ಟರ್ ಲೆಕ್ಕಕ್ಕಿಲ್ಲ ಎಂದು ಪ್ರಶ್ನೆಯಲ್ಲೇ ಇದೆ. ನಮ್ಮ ಲ್ಯಾಬ್ ಮೇಡಂ ರೆಕಾರ್ಡ್ ಪುಸ್ತಕದಲ್ಲಿ ನನ್ನ ಉತ್ತರದ ಪಕ್ಕ «5 ಸಾಕು, ಪದ ಹಂಚಿಕೊಳ್ಳಿ» ಎಂದು ಬರೆದು ಕೊಟ್ಟಿದ್ದಾರೆ. ಆದರೆ ನನ್ನ ನಾಲ್ಕು ಪದಗಳಲ್ಲಿ ಯಾವ ಎರಡೂ ಒಂದೇ ಅಲ್ಲ. ಸುತ್ತು ಹಾಕುವುದಕ್ಕೆ ಬೇರೆ ದಾರಿಯೂ ಕಾಣುತ್ತಿಲ್ಲ. ಹಂಚಿಕೊಳ್ಳುವುದು ಏನನ್ನು?

ಇನ್ನೊಂದು ವಿಷಯ. ಇದನ್ನು ಬ್ರೆಡ್‌ಬೋರ್ಡಿನ ಮೇಲೆ ಕಟ್ಟಿಯೂ ತೋರಿಸಬೇಕು. ಇಲ್ಲಿನ ಅಂಗಡಿಯಲ್ಲಿ 7400, 7404, 7408, 7432 ಸಿಕ್ಕವು. ಮೂರು ಇನ್‌ಪುಟ್‌ನ ಆಂಡ್ ಬೇಕೆಂದರೆ ಬೆಂಗಳೂರಿನಿಂದ ತರಿಸಬೇಕು ಎಂದರು.

ಭದ್ರೆಯ ಮಗ

ಇದು ಸುಲಭ. ಮೊದಲು ಪ್ರತಿಯೊಂದು ಫಂಕ್ಷನ್ನನ್ನೂ ಬೇರೆಯಾಗಿ ಪೂರ್ತಿ ಕಿರಿದು ಮಾಡಬೇಕು. ಆಮೇಲೆ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಎರಡರಲ್ಲೂ ಇರುವ ಪದವನ್ನು ಒಂದೇ ಗೇಟಿನಿಂದ ತೆಗೆದುಕೊಳ್ಳಬೇಕು. ನಿಮ್ಮ ಪಟ್ಟಿಗಳಲ್ಲಿ ಸಮಾನ ಪದವೇ ಇಲ್ಲವಲ್ಲ. ಆದ್ದರಿಂದ ಆರೇ ಸರಿಯಾದ ಉತ್ತರ. ಮೇಡಂ ಬೇರೆ ಪ್ರಶ್ನೆಯ ಉತ್ತರವನ್ನು ನೋಡಿಕೊಂಡು ಬರೆದಿರಬಹುದು, ಒಮ್ಮೆ ಕೇಳಿ ನೋಡಿ.

ಹೊಸನಗರದ ಮೇಷ್ಟ್ರು

ಮೇಡಂ ಬರೆದದ್ದು ಸರಿಯಾಗಿದೆ. ಭದ್ರೆಯ ಮಗ ಹೇಳಿದ ಕ್ರಮದಲ್ಲಿ ಆ ಉತ್ತರ ಸಿಗುವುದಿಲ್ಲ, ಏಕೆಂದರೆ ಹಂಚಿಕೊಳ್ಳಬೇಕಾದ ಪದ ಎರಡೂ ಪಟ್ಟಿಗಳಿಂದ ಮೊದಲೇ ಬಿದ್ದುಹೋಗಿರುತ್ತದೆ.

ತುಂಗಾದಡ, ನಿಮ್ಮ f1ರಲ್ಲಿ bc ಎಂಬ ಸುತ್ತು ಏನು ಕೆಲಸ ಮಾಡುತ್ತಿದೆ ನೋಡಿ. ಅದು 3 ಮತ್ತು 7ನ್ನು ಮುಚ್ಚುತ್ತದೆ. ಆದರೆ 3ನ್ನು a'c ಆಗಲೇ ಮುಚ್ಚಿದೆ, ಮತ್ತು 1ರ ಸಲುವಾಗಿ a'c ಹೇಗೂ ಇರಲೇಬೇಕು. ಹಾಗಾಗಿ bc ನಿಜವಾಗಿ ನೋಡಿಕೊಳ್ಳುತ್ತಿರುವುದು 7 ಒಂದನ್ನೇ. 3ನ್ನೂ ಸೇರಿಸಿಕೊಂಡದ್ದು ಪದ ಚಿಕ್ಕದಾಗಲಿ ಎಂದು ಮಾತ್ರ.

f2ರಲ್ಲೂ ಇದೇ ಕಥೆ. 2ರ ಸಲುವಾಗಿ bc' ಇರಲೇಬೇಕು, ಅದು 6ನ್ನೂ ಮುಚ್ಚುತ್ತದೆ. ab ಉಳಿದಿರುವುದು 7ಕ್ಕಾಗಿ.

ಅಂದರೆ ಒಂದೇ 7ನೆಯ ಮಿನ್‌ಟರ್ಮಿಗಾಗಿ ನೀವು ಎರಡು ಗೇಟುಗಳನ್ನು ದುಡಿಸುತ್ತಿದ್ದೀರಿ. abc ಎಂಬ ಒಂದು ಮೂರು ಇನ್‌ಪುಟ್ ಗೇಟು ಹಾಕಿ, ಅದರ ತಂತಿಯನ್ನು ಎರಡೂ ಆರ್ ಗೇಟುಗಳಿಗೆ ಕೊಡಿ:

```
f1 = a'c + abc
f2 = bc' + abc
```

ಪದಗಳು ಮೂರು, ಆರ್ ಎರಡು, ಒಟ್ಟು ಐದು. ಗೇಟುಗಳೊಳಗೆ ಹೋಗುವ ತಂತಿಗಳನ್ನು ಎಣಿಸಿದರೆ ಮೊದಲು ಹನ್ನೆರಡು ಇದ್ದದ್ದು ಈಗ ಹನ್ನೊಂದು.

abc ನಿಮಗೆ ಕಾಣಿಸದೆ ಹೋದದ್ದು ಸಹಜ. f1ನ ಮ್ಯಾಪ್ ಒಂದನ್ನೇ ನೋಡಿದರೆ ಅದು ಪ್ರೈಮ್ ಅಲ್ಲ, ದೊಡ್ಡ ಸುತ್ತಿನೊಳಗೆ ಮುಳುಗಿಹೋಗುತ್ತದೆ. f2ನಲ್ಲೂ ಅಷ್ಟೇ. ಅದು ಪ್ರೈಮ್ ಆಗುವುದು ಮೂರನೆಯ ಒಂದು ಮ್ಯಾಪ್‌ನಲ್ಲಿ, ಅಂದರೆ f1 ಮತ್ತು f2 ಎರಡೂ ಒಂದಾಗಿರುವ ಕಡೆ ಮಾತ್ರ ಒಂದು ಬರೆದ f1·f2 ಮ್ಯಾಪ್‌ನಲ್ಲಿ. ಇಲ್ಲಿ ಆ ಮ್ಯಾಪ್‌ನಲ್ಲಿ 7 ಒಂದೇ ಇದೆ, ಅದನ್ನು ಹಿಗ್ಗಿಸಲು ಜಾಗವಿಲ್ಲ. ಈ ಮ್ಯಾಪನ್ನು ಬರೆಯುವುದೇ ಹಂಚಿಕೆಯ ಮೊದಲ ಹೆಜ್ಜೆ. ಹಂಚಿಕೊಳ್ಳಲು ಯೋಗ್ಯವಾದ ಪದಗಳೆಲ್ಲ ಅಲ್ಲಿಂದಲೇ ಬರುತ್ತವೆ.

ತುಂಗಾದಡ

ಮೇಷ್ಟ್ರೇ, ಈಗ ಐದು ಕಾಣುತ್ತಿದೆ. ಆದರೆ ಸುತ್ತು ಎಷ್ಟು ದೊಡ್ಡದೋ ಅಷ್ಟು ಒಳ್ಳೆಯದು ಎಂದೇ ಮೊದಲಿನಿಂದ ಕಲಿತಿದ್ದೇವೆ. ಹಾಗಾದರೆ ಎರಡು ಫಂಕ್ಷನ್‌ಗಳಿಗೆ ಸಾಮಾನ್ಯವಾದ ಮಿನ್‌ಟರ್ಮ್ ಎಲ್ಲಿ ಕಂಡರೂ ಅದನ್ನು ಹಂಚಿಕೊಂಡುಬಿಡಬಹುದೇ?

ಹೊಸನಗರದ ಮೇಷ್ಟ್ರು

ಬೇಡ. ಹಾಗೆ ಮಾಡಿದರೆ ಕೆಲವು ಕಡೆ ನಷ್ಟವೇ ಆಗುತ್ತದೆ. ನಿಮ್ಮದೇ ಪ್ರಶ್ನೆಯನ್ನು ಚೂರು ಬದಲಿಸಿ ತೋರಿಸುತ್ತೇನೆ. f2 ಹಾಗೆಯೇ ಇರಲಿ. f1ರಲ್ಲಿ 1ನ್ನು ತೆಗೆದು 4 ಹಾಕಿ, ಅಂದರೆ 3, 4, 7. ಈಗಲೂ ಎರಡಕ್ಕೂ ಸಾಮಾನ್ಯವಾದದ್ದು 7 ಒಂದೇ. ಬೇರೆ ಬೇರೆ ಮಾಡಿದರೆ f1 = bc + ab'c', f2 = bc' + ab, ಒಟ್ಟು ನಾಲ್ಕು ಪದ.

ಇಲ್ಲಿ abc ಹಂಚಿಕೊಳ್ಳಲು ಹೋಗಿ. f1ರಲ್ಲಿ 3ನ್ನು ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ. bc ಬಿಟ್ಟರೆ 3ಕ್ಕಾಗಿ a'bc ಎಂಬ ಹೊಸ ಪದ ಬೇಕು. ಆಗ a'bc, abc, ab'c', bc' ಎಂದು ಮತ್ತೆ ನಾಲ್ಕೇ ಪದಗಳಾಗುತ್ತವೆ, ಆದರೆ ಅವುಗಳಲ್ಲಿ ಮೂರು ಉದ್ದದವು. ಒಳಗೆ ಬರುವ ತಂತಿಗಳು ಹದಿಮೂರರಿಂದ ಹದಿನಾರಕ್ಕೆ ಏರುತ್ತವೆ. ಗೇಟು ಒಂದೂ ಉಳಿಯಲಿಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಸಾಮಾನ್ಯ ಮಿನ್‌ಟರ್ಮ್ ಇದೆಯೇ ಎಂಬುದಲ್ಲ. ಒಂದು ಫಂಕ್ಷನ್ನಿಗೆ ಮಾತ್ರ ಸೇರಿದ ಮಿನ್‌ಟರ್ಮ್‌ಗಳಿಗೆ ಬೇಕೇ ಬೇಕಾದ ಪದಗಳನ್ನು ಮೊದಲು ಆರಿಸಿಡಿ. ಅವು ಮುಚ್ಚಿದ್ದನ್ನೆಲ್ಲ ಹೊಡೆದುಹಾಕಿ. ಎರಡೂ ಕಡೆ ಉಳಿದದ್ದು ಒಂದೇ ಆಗಿದ್ದರೆ ಅಲ್ಲಿ ಹಂಚಿಕೆ ಫಲ ಕೊಡುತ್ತದೆ. ನಿಮ್ಮ ಮೂಲ ಪ್ರಶ್ನೆಯಲ್ಲಿ ಎರಡೂ ಕಡೆ 7 ಮಾತ್ರ ಉಳಿಯಿತು. ಬದಲಿಸಿದ ಪ್ರಶ್ನೆಯಲ್ಲಿ 3ರ ಸಲುವಾಗಿಯೇ bc ಬೇಕಾಗಿ, 7 ಆಗಲೇ ಮುಚ್ಚಿಹೋಯಿತು.

ಅಡಿಕೆಮನೆ, ಸಾಗರ

ನಾನು ಕೃಷಿಕ, ಗೇಟು-ಮ್ಯಾಪು ಓದಿದವನಲ್ಲ. ಆದರೆ ಹಂಚಿಕೊಳ್ಳುವ ವಿಷಯ ಬಂದದ್ದರಿಂದ ನನ್ನ ತೋಟದ ತೊಂದರೆಯನ್ನು ಇಲ್ಲಿ ಹೇಳುತ್ತೇನೆ. ಮೇಲಿನ ತೋಟಕ್ಕೆ ಒಂದು ವಾಲ್ವ್, ಕೆಳಗಿನ ತೋಟಕ್ಕೆ ಒಂದು ವಾಲ್ವ್, ಎರಡೂ 24 ವೋಲ್ಟ್ ಡಿಸಿ. ಕೆರೆಯ ಫ್ಲೋಟ್, ಟ್ಯಾಂಕಿನ ಫ್ಲೋಟ್, ಒಂದು ಕೈ ಸ್ವಿಚ್ ಇವೆ. ಮೂರೂ ಆನ್ ಇದ್ದಾಗ ಎರಡು ವಾಲ್ವ್‌ಗಳೂ ತೆರೆಯಬೇಕು. ಅದಲ್ಲದೆ ಒಂದೊಂದು ವಾಲ್ವ್‌ಗೂ ತನ್ನದೇ ಆದ ಇನ್ನೊಂದು ದಾರಿ ಇದೆ.

ಮೂರು ಸಂಪರ್ಕಗಳನ್ನು ಸಾಲಾಗಿ ಜೋಡಿಸಿ, ಕೊನೆಯಿಂದ ಎರಡು ವಾಲ್ವ್‌ಗಳಿಗೂ ಒಂದೊಂದು ತಂತಿ ಎಳೆದೆ. ನೀವು ಹೇಳುವ abc ಅದೇ ಇರಬೇಕು. ಆದರೆ ಈಗ ಮೇಲಿನ ತೋಟದ ವಾಲ್ವ್ ತನ್ನ ಸ್ವಂತ ದಾರಿಯಿಂದ ತೆರೆದರೂ ಕೆಳಗಿನದೂ ತೆರೆದುಕೊಳ್ಳುತ್ತದೆ. ಮಳೆ ಬಿಟ್ಟ ಮೇಲೆ ಕೆಳಗಿನ ತೋಟದಲ್ಲಿ ನೀರು ನಿಂತು ಅಡಿಕೆ ಬುಡಕ್ಕೆ ಒಳ್ಳೆಯದಲ್ಲ. ಹಂಚಿಕೊಂಡದ್ದೇ ತಪ್ಪೇ?

ಹೊಸನಗರದ ಮೇಷ್ಟ್ರು

ರಾಯರೇ, ನೀವು ಹಂಚಿಕೊಂಡ ಪದ ಸರಿಯಾಗಿದೆ. ಹಂಚಿಕೊಂಡ ಜಾಗದಲ್ಲಿ ಆರ್ ಗೇಟು ಇಲ್ಲ, ಬರೀ ತಂತಿಯ ಗಂಟು ಇದೆ. ಮೇಲಿನ ವಾಲ್ವ್ ತನ್ನ ದಾರಿಯಿಂದ ವಿದ್ಯುತ್ ಪಡೆದಾಗ, ಅದೇ ವಿದ್ಯುತ್ ಹಿಮ್ಮುಖವಾಗಿ ಆ ಗಂಟಿಗೆ ಬಂದು, ಅಲ್ಲಿಂದ ಕೆಳಗಿನ ವಾಲ್ವ್‌ಗೆ ಇಳಿಯುತ್ತದೆ. ಗೇಟಿನಲ್ಲಿ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಏನೂ ಹಿಂದೆ ಹರಿಯುವುದಿಲ್ಲ, ಆದ್ದರಿಂದ ಈ ತೊಂದರೆ ಅಲ್ಲಿ ಹುಟ್ಟುವುದೇ ಇಲ್ಲ. ರಿಲೇ ಮತ್ತು ಸ್ವಿಚ್‌ಗಳಿಗೆ ದಿಕ್ಕೆಂಬುದಿಲ್ಲ.

ಗಂಟಿನಿಂದ ಪ್ರತಿಯೊಂದು ವಾಲ್ವ್‌ಗೆ ಹೋಗುವ ತಂತಿಯಲ್ಲಿ ಒಂದೊಂದು 1N4007 ಡಯೋಡ್ ಹಾಕಿ. ಬಿಳಿ ಪಟ್ಟಿಯಿರುವ ತುದಿ ವಾಲ್ವ್ ಕಡೆಗೆ, ವಾಲ್ವ್‌ನ ಇನ್ನೊಂದು ತುದಿ ನೆಗೆಟಿವ್‌ಗೆ ಇರಬೇಕು. ಸ್ವಂತ ದಾರಿಯ ತಂತಿಯನ್ನು ಡಯೋಡ್ ದಾಟಿದ ಮೇಲೆ, ವಾಲ್ವ್ ಬದಿಯಲ್ಲಿ ಸೇರಿಸಿ. ಸರಿಯಾಗಿದೆಯೇ ಎಂದು ನೋಡಲು ಮೇಲಿನ ವಾಲ್ವನ್ನು ಅದರ ಸ್ವಂತ ದಾರಿಯಿಂದ ತೆರೆಯಿರಿ, ಗಂಟಿನಲ್ಲಿ ಮೀಟರ್ ಇಡಿ, 24 ವೋಲ್ಟ್ ಕಾಣಬಾರದು.

ವಾಲ್ವ್ ಎಸಿಯದ್ದಾಗಿದ್ದರೆ ಡಯೋಡಿನಿಂದ ಆಗುವುದಿಲ್ಲ. ಆಗ ಮೂರು ಸಂಪರ್ಕಗಳ ಸಾಲಿನಿಂದ ಎರಡು ಜೊತೆ ಸಂಪರ್ಕವಿರುವ ಒಂದು ರಿಲೇ ನಡೆಸಿ, ಒಂದೊಂದು ಜೊತೆಯನ್ನು ಒಂದೊಂದು ವಾಲ್ವ್‌ಗೆ ಕೊಡಬೇಕು.

ಕೊಪ್ಪದ ಸೀಮೆಯವಳು

ನಾನು ಚಿಪ್ ವಿನ್ಯಾಸದ ಕೆಲಸದಲ್ಲಿದ್ದೇನೆ, ಈಗ ಊರಿನಿಂದಲೇ ಕೆಲಸ. ಮೇಷ್ಟ್ರ ಕ್ರಮವನ್ನು ಎಸ್ಪ್ರೆಸೊ ಎಂಬ ತಂತ್ರಾಂಶದಲ್ಲಿ ಪರೀಕ್ಷಿಸಬಹುದು. 1980ರ ದಶಕದಲ್ಲಿ ಬರ್ಕ್ಲಿಯಿಂದ ಹರಡಿದ್ದು, ಇಂದಿಗೂ ಉಚಿತವಾಗಿ ಸಿಗುತ್ತದೆ. ನಿಮ್ಮ ಪ್ರಶ್ನೆಯನ್ನು ಹೀಗೆ ಬರೆಯಬೇಕು:

```
.i 3
.o 2
.ilb a b c
.ob f1 f2
001 10
011 10
111 11
010 01
110 01
.e
```

ಹಾಗೆಯೇ ಓಡಿಸಿದರೆ ಅದು ಎಲ್ಲ ಔಟ್‌ಪುಟ್‌ಗಳನ್ನೂ ಒಟ್ಟಿಗೆ ನೋಡಿ `0-1 10`, `-10 01`, `111 11` ಎಂಬ ಮೂರು ಸಾಲುಗಳನ್ನು ಕೊಡುತ್ತದೆ. ಕೊನೆಯ ಸಾಲಿನಲ್ಲಿ ಬಲಗಡೆ ಎರಡು ಒಂದುಗಳಿರುವುದೇ ಹಂಚಿಕೆಯ ಗುರುತು. `espresso -Dso` ಎಂದು ಓಡಿಸಿದರೆ ಒಂದೊಂದು ಔಟ್‌ಪುಟ್ಟನ್ನೂ ಬೇರೆಯಾಗಿ ಕಿರಿದು ಮಾಡಿ ನಾಲ್ಕು ಸಾಲು ಕೊಡುತ್ತದೆ, ಅಂದರೆ ತುಂಗಾದಡ ಮೊದಲು ಬರೆದದ್ದೇ.

ಆದರೆ ಈ ಉಳಿತಾಯ ಎಲ್ಲಿ ನಿಜ ಎಂಬುದು ಯಾವುದರ ಮೇಲೆ ಕಟ್ಟುತ್ತೀರಿ ಎಂಬುದನ್ನು ನೋಡಿಕೊಂಡಿದೆ. 82S100ನಂಥ ಪಿಎಲ್‌ಎಯಲ್ಲಿ 16 ಇನ್‌ಪುಟ್, 8 ಔಟ್‌ಪುಟ್ ಇದ್ದರೂ ಎಲ್ಲಕ್ಕೂ ಸೇರಿ ಇರುವುದು 48 ಪದಗಳು. ಯಾವ ಪದವನ್ನು ಯಾವ ಔಟ್‌ಪುಟ್‌ಗೆ ಬೇಕಾದರೂ ಜೋಡಿಸಬಹುದು. ಅಲ್ಲಿ ಒಂದು ಸಾಲು ಉಳಿದರೆ ನಿಜಕ್ಕೂ ಉಳಿಯಿತು, ಪದ ಉದ್ದವಾದರೂ ಸಾಲಿನ ಅಗಲ ಅಷ್ಟೇ.

GAL16V8 ಹಾಗಲ್ಲ. ಪ್ರತಿ ಔಟ್‌ಪುಟ್‌ಗೂ ಅದರದ್ದೇ ಎಂಟು ಸಾಲುಗಳಿವೆ, ಪಕ್ಕದವರ ಸಾಲನ್ನು ಬಳಸಲಾಗದು. ನೀವು abc ಹಂಚಿಕೊಂಡೆ ಎಂದುಕೊಂಡರೂ ಅದು f1ರಲ್ಲಿ ಒಂದು ಸಾಲು, f2ರಲ್ಲಿ ಇನ್ನೊಂದು ಸಾಲು ತೆಗೆದುಕೊಳ್ಳುತ್ತದೆ. ಅಲ್ಲಿ ಬೇರೆ ಬೇರೆಯಾಗಿ ಕಿರಿದು ಮಾಡುವುದೇ ಸರಿ, `-Dso` ಕೊಡುವ ಉತ್ತರವೇ ಬೇಕಾದದ್ದು.

ತುಂಗಾದಡ, ನಿಮ್ಮ 7408ರ ವಿಷಯವೂ ಹೀಗೆಯೇ. ಅದರಲ್ಲಿ ಎರಡು ಇನ್‌ಪುಟ್‌ನ ಆಂಡ್‌ಗಳು ಮಾತ್ರ ಇವೆ. abc ಮಾಡಲು ಎರಡು ಗೇಟು ಬೇಕು, a'c ಮತ್ತು bc'ಗೆ ಒಂದೊಂದು. ಮತ್ತೆ ನಾಲ್ಕು ಆಂಡ್. ನಿಮ್ಮ ಬ್ರೆಡ್‌ಬೋರ್ಡಿನ ಮೇಲೆ ಆರಕ್ಕೆ ಆರೇ.

ತುಂಗಾದಡ

ಅಕ್ಕಾ, ಇದನ್ನು ನಾನು ಯೋಚಿಸಿರಲೇ ಇಲ್ಲ. ಕಾಗದದ ಮೇಲೆ ಐದು, ಬೋರ್ಡಿನ ಮೇಲೆ ಆರು. ಸಹಪಾಠಿಯೊಬ್ಬನ ಹತ್ತಿರ 7410 ಇದೆ ಎಂದ. ಎಲ್ಲವನ್ನೂ ನ್ಯಾಂಡ್‌ನಲ್ಲಿ ಮಾಡಿದರೆ?

ಹೊಸನಗರದ ಮೇಷ್ಟ್ರು

ಮಾಡಬಹುದು. ಹಂಚಿಕೊಂಡ ರೂಪಕ್ಕೆ ನಾಲ್ಕು ಎರಡು-ಇನ್‌ಪುಟ್ ನ್ಯಾಂಡ್, ಅದು ಒಂದು 7400. ಒಂದು ಮೂರು-ಇನ್‌ಪುಟ್ ನ್ಯಾಂಡ್, ಅದು 7410ರಿಂದ. 7410ರಲ್ಲಿ ಉಳಿದ ಎರಡು ಗೇಟುಗಳ ಇನ್‌ಪುಟ್‌ಗಳನ್ನು ಒಟ್ಟಿಗೆ ಕಟ್ಟಿದರೆ a' ಮತ್ತು c' ಸಿಗುತ್ತವೆ. ಎರಡು ಐಸಿಗಳಲ್ಲಿ ಒಂದು ಗೇಟೂ ವ್ಯರ್ಥವಾಗದೆ ಮುಗಿಯಿತು. ಹಂಚಿಕೊಳ್ಳದ ರೂಪಕ್ಕೆ ಇನ್ವರ್ಟರ್ ಸೇರಿ ಎಂಟು ನ್ಯಾಂಡ್, ಅಂದರೆ ಎರಡು 7400. ಅಲ್ಲೂ ಎರಡೇ ಐಸಿ.

ಜೋಗದ ಹನಿ

ಮೇಷ್ಟ್ರು ಈಗ ಹೇಳಿದ 7400 ಮತ್ತು 7410ರ ಕೂಟವನ್ನು ಹೋಲುವ ಒಂದು ಬೋರ್ಡು ನನ್ನ ಮೇಜಿನ ಮೇಲಿದೆ, ಇಂಥದ್ದೇ ಎರಡು ಔಟ್‌ಪುಟ್, ಹಂಚಿಕೊಂಡ ಪದ. f1ನಿಂದ ಒಂದು 7490 ಕೌಂಟರಿನ ಕ್ಲಾಕ್ ನಡೆಯುತ್ತದೆ. ಬಲ್ಬ್ ಹಚ್ಚಿ ಎಂಟೂ ಸಂದರ್ಭಗಳನ್ನು ನೋಡಿದರೆ ಸತ್ಯಕೋಷ್ಟಕ ಸರಿಯಾಗಿದೆ. ಆದರೂ ಕೌಂಟರ್ ಒಮ್ಮೊಮ್ಮೆ ತಾನಾಗಿ ಒಂದು ಹೆಚ್ಚು ಎಣಿಸುತ್ತದೆ. b ಮತ್ತು c ಎರಡೂ ಒಂದಾಗಿದ್ದು, a ಒಂದರಿಂದ ಸೊನ್ನೆಗೆ ಇಳಿದಾಗ ಮಾತ್ರ ಹೀಗಾಗುತ್ತದೆ. a ಏರುವಾಗ ಎಂದೂ ಆಗುವುದಿಲ್ಲ. a ಬರುವುದು ಇನ್ನೊಂದು ಫ್ಲಿಪ್‌ಫ್ಲಾಪ್‌ನಿಂದ, ಆದ್ದರಿಂದ ಸ್ವಿಚ್ ಅದುರುವಿಕೆ ಅಲ್ಲ. ಮಲ್ಟಿಮೀಟರ್‌ನಲ್ಲಿ f1 ಸದಾ ಒಂದೇ ಕಾಣುತ್ತದೆ. ಇದು ಹಂಚಿಕೆಗೆ ಸಂಬಂಧಿಸಿದ್ದೇ?

ಹೊಸನಗರದ ಮೇಷ್ಟ್ರು

ನೇರವಾಗಿ ಸಂಬಂಧಿಸಿದ್ದು. ನೀವು ಇಷ್ಟು ಸ್ಪಷ್ಟವಾಗಿ ನೋಡಿ ಬರೆದದ್ದರಿಂದ ಕಾರಣವನ್ನು ಅನುಮಾನವಿಲ್ಲದೆ ಹೇಳಬಹುದು.

b = c = 1 ಇದ್ದಾಗ a ಬದಲಾದರೆ 7ರಿಂದ 3ಕ್ಕೆ ಹೋಗುತ್ತೀರಿ. ಎರಡೂ ಕಡೆ f1 ಒಂದೇ. ಹಂಚಿಕೊಳ್ಳದ ರೂಪದಲ್ಲಿ bc ಎರಡನ್ನೂ ಒಟ್ಟಿಗೆ ಹಿಡಿದಿತ್ತು. ಅದಕ್ಕೆ a ಏನಾದರೂ ಗೊತ್ತೇ ಆಗುತ್ತಿರಲಿಲ್ಲ, ಔಟ್‌ಪುಟ್ ಅಲುಗುತ್ತಿರಲಿಲ್ಲ. ಹಂಚಿಕೊಂಡ ರೂಪದಲ್ಲಿ 7ನ್ನು abc ಹಿಡಿದಿದೆ, 3ನ್ನು a'c ಹಿಡಿದಿದೆ. a ಇಳಿದ ಕೂಡಲೇ abc ಕೈಬಿಡುತ್ತದೆ. a'c ಹಿಡಿದುಕೊಳ್ಳಬೇಕಾದರೆ ಸುದ್ದಿ ಮೊದಲು ಇನ್ವರ್ಟರ್ ದಾಟಿ ಬರಬೇಕು. ಆ ಒಂದು ಇನ್ವರ್ಟರಿನ ವಿಳಂಬದಷ್ಟು ಹೊತ್ತು, ಹಳೆಯ ಟಿಟಿಎಲ್‌ನಲ್ಲಿ ಸುಮಾರು 10 ನ್ಯಾನೋಸೆಕೆಂಡು, ಇಬ್ಬರೂ ಹಿಡಿದಿರುವುದಿಲ್ಲ, f1 ಸೊನ್ನೆಗೆ ಜಾರಿ ಮತ್ತೆ ಏರುತ್ತದೆ. 7490 ಇಳಿಯುವ ಅಂಚಿಗೆ ಎಣಿಸುತ್ತದೆ. ಗುಳಿ ತೀರ ಕಿರಿದಾದ್ದರಿಂದ ಒಮ್ಮೆ ಎಣಿಸುತ್ತದೆ, ಒಮ್ಮೆ ಬಿಡುತ್ತದೆ. a ಏರುವಾಗ ಇದರ ತಿರುಗುಮುರುಗು: abc ಮೊದಲು ಹಿಡಿಯುತ್ತದೆ, a'c ಆಮೇಲೆ ಬಿಡುತ್ತದೆ, ಗುಳಿ ಬೀಳುವುದಿಲ್ಲ.

f2ರಲ್ಲೂ ಇದೇ ರೋಗವಿದೆ. a = b = 1 ಇದ್ದು c ಇಳಿಯುವಾಗ ನೋಡಿ.

ಇಲ್ಲಿ ತಪ್ಪಿಸಿಕೊಳ್ಳುವ ಸಣ್ಣ ದಾರಿಯೂ ಇಲ್ಲ. ಗುಳಿ ಮುಚ್ಚಲು f1ಗೆ bc ಸೇರಿಸಿದಿರಿ ಎನ್ನಿ, ಆ ಕ್ಷಣವೇ f1ರಲ್ಲಿ abc ಬೇಡದ್ದಾಗುತ್ತದೆ, ಮತ್ತೆ ಮೊದಲಿನ ಆರು ಗೇಟಿನ ಕಡೆಗೇ ನಡೆದಿರುತ್ತೀರಿ. ಈ ಪ್ರಶ್ನೆಯಲ್ಲಿ ಉಳಿಸಿದ ಗೇಟೇ ಗುಳಿಯನ್ನು ತಡೆಯುತ್ತಿದ್ದ ಗೇಟು. ಔಟ್‌ಪುಟ್ ಬಲ್ಬಿಗೋ ರಿಲೇಗೋ ಹೋದರೆ ಯೋಚನೆ ಬೇಡ, ರಿಲೇ ಅಲುಗಲು ಮಿಲಿಸೆಕೆಂಡುಗಳೇ ಬೇಕು. ಕ್ಲಾಕ್, ರಿಸೆಟ್, ಲ್ಯಾಚ್‌ಗಳಿಗೆ ಹೋಗುವ ಔಟ್‌ಪುಟ್‌ನಲ್ಲಿ ಹಂಚಿಕೊಂಡ ಪದ ಇದ್ದರೆ, ಪಕ್ಕಪಕ್ಕದ ಎರಡು ಒಂದುಗಳನ್ನು ಒಟ್ಟಿಗೆ ಹಿಡಿದಿರುವ ಪದ ಇದೆಯೇ ಎಂದು ಮ್ಯಾಪ್‌ನಲ್ಲಿ ನೋಡಲೇಬೇಕು.

ಭದ್ರೆಯ ಮಗ

ಒಂದು ಪ್ರಶ್ನೆ. f1 = a'c + bc ಎಂಬುದರಲ್ಲಿ c ಎರಡೂ ಕಡೆ ಇದೆ. ಹೊರಗೆ ತೆಗೆದರೆ f1 = c(a' + b). ಒಂದು ಆರ್, ಒಂದು ಆಂಡ್. ಹಾಗೆಯೇ f2 = b(a + c'). ಒಟ್ಟು ನಾಲ್ಕು ಗೇಟು, ಎಲ್ಲವೂ ಎರಡು ಇನ್‌ಪುಟ್‌ನವು. ಏನನ್ನೂ ಹಂಚಿಕೊಳ್ಳದೆ ಐದಕ್ಕಿಂತ ಕಡಿಮೆ ಬಂತಲ್ಲ! ಹಾಗಾದರೆ ಈ ಹಂಚಿಕೆ ಏಕೆ ಬೇಕು?

ಹೊಸನಗರದ ಮೇಷ್ಟ್ರು

ಚೆನ್ನಾಗಿ ಹಿಡಿದಿರಿ. ಲೆಕ್ಕ ಸರಿ, ಬೋರ್ಡಿನ ಮೇಲೆ ಕಟ್ಟಲು ಇದೇ ಉತ್ತಮ. b = c = 1 ಇದ್ದು a ಬದಲಾದರೂ a' + b ಅಲುಗುವುದಿಲ್ಲ, ಆದ್ದರಿಂದ ಗುಳಿಯೂ ಇಲ್ಲ. ಪ್ರಶ್ನೆ ಕೇಳಿದ್ದು ಆಂಡ್ ಮೊದಲು, ಆರ್ ಆಮೇಲೆ ಎಂಬ ಎರಡು ಹಂತದ ರೂಪವನ್ನು. ಆ ರೂಪದೊಳಗೆ ಐದೇ ಕನಿಷ್ಠ. ರೂಪದ ಕಟ್ಟು ಸಡಿಲಿಸಿದರೆ ಬೇರೆ ಲೆಕ್ಕ ಶುರುವಾಗುತ್ತದೆ.

ಕೊಪ್ಪದ ಸೀಮೆಯವಳು

ಭದ್ರೆಯ ಮಗನ ದಾರಿ ಬಿಡಿ ಗೇಟುಗಳಿಗೆ ಸರಿ. ಪಿಎಲ್‌ಎಯಲ್ಲಿ ಅದು ನಡೆಯುವುದಿಲ್ಲ, ಅಲ್ಲಿ ಆಂಡ್ ಮೊದಲು ಬರಲೇಬೇಕು. ಆದರೆ ಅಲ್ಲಿಗೂ ಹೊಂದುವ ಇನ್ನೊಂದು ಹಂಚಿಕೆ ಈ ಪ್ರಶ್ನೆಯೊಳಗೆ ಅಡಗಿದೆ, ಅದು ನನಗೆ ಬಹಳ ಇಷ್ಟವಾಯಿತು.

f2ನ ಬದಲು ಅದರ ತಲೆಕೆಳಗಾದ ರೂಪವನ್ನು ಬರೆಯಿರಿ. f2 ಸೊನ್ನೆಯಾಗುವುದು 0, 1, 3, 4, 5ರಲ್ಲಿ. ಅದನ್ನು ಕಿರಿದು ಮಾಡಿದರೆ:

```
f1  = a'c + bc
f2' = b' + a'c
```

a'c ಎರಡರಲ್ಲೂ ಇದೆ! ಅದೂ ಪೂರ್ಣ ಪ್ರೈಮ್ ಆಗಿಯೇ, ಯಾವ ಸುತ್ತನ್ನೂ ಕುಗ್ಗಿಸದೆ. 82S100ರಲ್ಲಿ ಪ್ರತಿ ಔಟ್‌ಪುಟ್ಟನ್ನೂ ತಲೆಕೆಳಗು ಮಾಡುವ ಅನುಕೂಲವಿದೆ, ಹಾಗಾಗಿ a'c, bc, b' ಎಂಬ ಮೂರೇ ಸಾಲು. abc ಹಂಚಿಕೊಂಡಾಗಲೂ ಮೂರೇ ಇದ್ದವು. ವ್ಯತ್ಯಾಸ ಎಂದರೆ ಇಲ್ಲಿ f1ರೊಳಗೆ bc ಉಳಿದುಕೊಂಡಿದೆ, ಆದ್ದರಿಂದ ಜೋಗದ ಹನಿಯವರ ಗುಳಿ ಬೀಳುವುದಿಲ್ಲ. f2ರಲ್ಲೂ a = b = 1 ಇದ್ದಾಗ a'c ಸೊನ್ನೆಯಲ್ಲೇ ನಿಲ್ಲುತ್ತದೆ, c ಏನು ಮಾಡಿದರೂ ಔಟ್‌ಪುಟ್‌ಗೆ ತಗಲುವುದಿಲ್ಲ.

ಎಸ್ಪ್ರೆಸೊದಲ್ಲಿ `-Dopo` ಎಂದರೆ ಯಾವ ಔಟ್‌ಪುಟ್ಟನ್ನು ತಲೆಕೆಳಗು ಮಾಡಿದರೆ ಸಾಲು ಕಡಿಮೆಯಾಗುತ್ತದೆ ಎಂದು ಹುಡುಕುತ್ತದೆ. ಆದರೆ ಅದು ಎಣಿಸುವುದು ಸಾಲುಗಳನ್ನು. ಗುಳಿಯ ವಿಷಯ ಅದಕ್ಕೆ ಗೊತ್ತಿಲ್ಲ. ಮೂರು ಸಾಲಿನ ಎರಡು ಉತ್ತರಗಳಲ್ಲಿ ಯಾವುದು ಸುರಕ್ಷಿತ ಎಂದು ನಾವೇ ನೋಡಬೇಕು.

ತುಂಗಾದಡ

ರೆಕಾರ್ಡಿನಲ್ಲಿ ಐದು ಗೇಟಿನ ಚಿತ್ರ ಬರೆದು, ಬೋರ್ಡಿನ ಮೇಲೆ ಭದ್ರೆಯ ಮಗ ಅಣ್ಣನ ನಾಲ್ಕನ್ನು ಕಟ್ಟುತ್ತೇನೆ, ಕಾರಣವನ್ನೂ ಬರೆಯುತ್ತೇನೆ. ಇದೇ ಪ್ರಶ್ನೆಯ ಎರಡನೆಯ ಭಾಗದಲ್ಲಿ ಮೂರನೆಯ ಔಟ್‌ಪುಟ್ ಸೇರಿಸಿದ್ದಾರೆ: f3 ಎಂಬುದು 5, 6, 7. ಈಗ 7 ಮೂರೂ ಫಂಕ್ಷನ್‌ಗಳಿಗೆ ಸಾಮಾನ್ಯ. abcಯನ್ನು ಮೂರಕ್ಕೂ ಕೊಟ್ಟರೆ ಇನ್ನೂ ಹೆಚ್ಚು ಉಳಿಯಬೇಕಲ್ಲವೇ?

ಹೊಸನಗರದ ಮೇಷ್ಟ್ರು

ಇಲ್ಲ, ಇಲ್ಲಿ abcಯ ಬೆಲೆಯೇ ಹೋಗುತ್ತದೆ. ಅದೇ ಕ್ರಮದಲ್ಲಿ ಹೋಗಿ. ಮೂರು ಫಂಕ್ಷನ್‌ಗಳಿಗೆ ನೋಡಬೇಕಾದ ಮ್ಯಾಪ್‌ಗಳು ಏಳು: ಒಂಟಿಯಾಗಿ ಮೂರು, ಜೋಡಿಯಾಗಿ ಮೂರು, ಮೂರೂ ಸೇರಿ ಒಂದು. f2·f3 ಮ್ಯಾಪ್‌ನಲ್ಲಿ 6 ಮತ್ತು 7 ಎರಡೂ ಇವೆ, ಅಂದರೆ ab ಎಂಬ ದೊಡ್ಡ ಸುತ್ತನ್ನೇ ಹಂಚಿಕೊಳ್ಳಬಹುದು.

f3ರಲ್ಲಿ 5ಕ್ಕಾಗಿ ac ಬೇಕು. 6ಕ್ಕಾಗಿ ab ಬೇಕು. ab ಹೇಗೂ ಇದೆ ಎಂದ ಮೇಲೆ f2ಗೆ 7ನ್ನು ಅದೇ ಕೊಡುತ್ತದೆ. ಇನ್ನು 7 ಉಳಿದಿರುವುದು f1ರಲ್ಲಿ ಮಾತ್ರ. ಒಬ್ಬರಿಗಾಗಿಯೇ ಆದರೆ ಉದ್ದದ abc ಏಕೆ, ಚಿಕ್ಕ bcಯೇ ಸಾಕು.

```
f1 = a'c + bc
f2 = bc' + ab
f3 = ac + ab
```

ಪದಗಳು ಐದು, ಇದಕ್ಕಿಂತ ಕಡಿಮೆ ಆಗದು. ಐದು ಬೇರೆ ಬೇರೆ ಅಗತ್ಯಗಳಿವೆ ಮತ್ತು ಯಾವ ಪದವೂ ಅವುಗಳಲ್ಲಿ ಎರಡನ್ನು ಪೂರೈಸಲಾರದು: f1ರ 1, f1ರ 7, f2ರ 2, f3ರ 5, f3ರ 6. ಮೊದಲ ಭಾಗದಲ್ಲಿ ಸಿಕ್ಕ ಉತ್ತರದ ಮೇಲೆ f3ನ್ನು ಅಂಟಿಸಿದ್ದರೆ ಪದಗಳು ಐದೇ ಆಗುತ್ತಿದ್ದವು, ಆದರೆ ಒಂದು ಉದ್ದದ್ದಾಗಿರುತ್ತಿತ್ತು, ಗುಳಿಯೂ ಉಳಿಯುತ್ತಿತ್ತು. ಔಟ್‌ಪುಟ್ ಹೆಚ್ಚಾದಾಗ ಮೊದಲಿನಿಂದ ನೋಡಬೇಕು.

ಭದ್ರೆಯ ಮಗ

ಬೇರೆ ಬೇರೆಯಾಗಿ ಕಿರಿದು ಮಾಡಿ ಸಮಾನ ಪದ ಹುಡುಕು ಎಂದು ನಾನು ಮೊದಲು ಹೇಳಿದ ಕ್ರಮದಲ್ಲೂ ಇಲ್ಲಿ ಇದೇ ಉತ್ತರ ಬರುತ್ತದೆ. ab ಎರಡು ಪಟ್ಟಿಗಳಲ್ಲೂ ಇದೆ.

ಹೊಸನಗರದ ಮೇಷ್ಟ್ರು

ಇಲ್ಲಿ ಬರುತ್ತದೆ. ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಜೋಡಿ ಮ್ಯಾಪ್‌ಗಳನ್ನು ಬರೆಯದೆ ಮೊದಲೇ ಹೇಳಲಾಗದು. ಏಳು ಮ್ಯಾಪ್‌ಗಳ ತನಕ ಕೈಯಲ್ಲೇ ಮಾಡಿ. ಸೆವೆನ್ ಸೆಗ್ಮೆಂಟ್ ಡಿಕೋಡರಿಗೆ ಬಂದರೆ ಔಟ್‌ಪುಟ್ ಏಳು, ಮ್ಯಾಪ್‌ಗಳು 127. ಅಲ್ಲಿ ಕೊಪ್ಪದವರ ತಂತ್ರಾಂಶವೇ ಗತಿ.

ಜೋಗದ ಹನಿ

ನನ್ನ ಬೋರ್ಡು ಮುದ್ರಿತವಾಗಿದೆ, ಎರಡು ಐಸಿಗಳಲ್ಲಿ ಒಂದು ಗೇಟೂ ಮಿಕ್ಕಿಲ್ಲ. f1 ತಂತಿಗೆ ನೆಲಕ್ಕೆ ಒಂದು ಚಿಕ್ಕ ಕೆಪಾಸಿಟರ್ ಹಾಕಿ ಗುಳಿಯನ್ನು ನುಂಗಿಸಬಹುದೇ?

ಕೊಪ್ಪದ ಸೀಮೆಯವಳು

ನಾನು ಹಾಕುವುದಿಲ್ಲ. ಕ್ಲಾಕಿನ ಅಂಚು ನಿಧಾನವಾದರೆ 7490 ಒಂದೇ ಅಂಚಿಗೆ ಹಲವು ಬಾರಿ ಎಣಿಸಬಹುದು. a ಒಂದು ಫ್ಲಿಪ್‌ಫ್ಲಾಪ್‌ನಿಂದ ಬರುತ್ತದೆ ಎಂದಿರಿ, b ಮತ್ತು c ಕೂಡ ಅದೇ ಕ್ಲಾಕಿನಿಂದಲೇ ಬದಲಾಗುವುದಾದರೆ ಅದರ ಎದುರು ಅಂಚಿನಲ್ಲಿ f1ನ್ನು ಒಂದು 7474ರೊಳಗೆ ಹಿಡಿದು, ಅದರ ಔಟ್‌ಪುಟ್ಟನ್ನು ಕೌಂಟರಿಗೆ ಕೊಡಿ. ಅಷ್ಟರಲ್ಲಿ ಗುಳಿ ಬಿದ್ದು ಎದ್ದು ಮುಗಿದಿರುತ್ತದೆ.

ಹೊಸನಗರದ ಮೇಷ್ಟ್ರು

7474 ಹಾಕಲು ಹೇಗೂ ಹೊಸ ಐಸಿಗೆ ಜಾಗ ಹುಡುಕಬೇಕು. ಆ ಜಾಗದಲ್ಲಿ ಇನ್ನೊಂದು 7400 ಕೂರಿಸಿ, f1ಗೆ abc ಬರುವ ತಂತಿಯನ್ನು ಕತ್ತರಿಸಿ bc ಕೊಡಿ ಎನ್ನುತ್ತೇನೆ ನಾನು. ರೋಗದ ಮೂಲವೇ ಹೋಗುತ್ತದೆ, ಅರ್ಧ ಕ್ಲಾಕಿನ ವಿಳಂಬವೂ ಬರುವುದಿಲ್ಲ.

ಕೊಪ್ಪದ ಸೀಮೆಯವಳು

b ಮತ್ತು c ಒಟ್ಟಿಗೇ ಬದಲಾದರೆ bcಯೂ ಕಾಪಾಡುವುದಿಲ್ಲ ಮೇಷ್ಟ್ರೇ. ಒಂದು ಬಾರಿಗೆ ಒಂದೇ ಇನ್‌ಪುಟ್ ಬದಲಾಗುತ್ತದೆ ಎಂಬ ಭರವಸೆ ಅವರ ಬೋರ್ಡಿನಲ್ಲಿ ಇದೆಯೇ?

ಜೋಗದ ಹನಿ

b ಮತ್ತು c ಬೇರೆ ಬೋರ್ಡಿನಿಂದ ಬರುತ್ತವೆ. ಆ ಎರಡೂ ಒಟ್ಟಿಗೆ ಬದಲಾಗುತ್ತವೆಯೇ ಎಂದು ಆಸಿಲೋಸ್ಕೋಪ್ ಇಟ್ಟು ನೋಡಿ ಬರೆಯುತ್ತೇನೆ.

ಅಡಿಕೆಮನೆ, ಸಾಗರ

ಎರಡು ಡಯೋಡ್ ಹಾಕಿದೆ. ಮೇಲಿನ ವಾಲ್ವ್ ತೆರೆದಾಗ ಗಂಟಿನಲ್ಲಿ ವೋಲ್ಟೇಜ್ ಇಲ್ಲ, ಕೆಳಗಿನದು ಮುಚ್ಚಿಯೇ ಇದೆ. ನಮ್ಮ ಪಕ್ಕದ ತೋಟದವರ ವಾಲ್ವ್ ಎಸಿಯದ್ದು, ಅವರಿಗೆ ಮೇಷ್ಟ್ರು ಹೇಳಿದ ಎರಡು ಜೊತೆ ಸಂಪರ್ಕದ ರಿಲೇ ತರಿಸಲು ಹೇಳಿದ್ದೇನೆ. ಅದರ ಕಾಯಿಲ್ ಕೂಡ ಎಸಿಯದ್ದೇ ಆಗಿರಬೇಕೇ?

ಹೊಸನಗರದ ಮೇಷ್ಟ್ರು

ಹೌದು. ಮೂರು ಸಂಪರ್ಕಗಳ ಸಾಲಿನಲ್ಲಿ ಯಾವ ವೋಲ್ಟೇಜ್ ಹರಿಯುತ್ತದೆಯೋ ಅದಕ್ಕೆ ತಕ್ಕ ಕಾಯಿಲ್ ಇರಬೇಕು. ಸಾಲು 24 ವೋಲ್ಟ್ ಎಸಿಯಾದರೆ ಕಾಯಿಲ್ಲೂ 24 ವೋಲ್ಟ್ ಎಸಿ ಎಂದು ಬರೆದದ್ದನ್ನೇ ತೆಗೆದುಕೊಳ್ಳಲಿ.